ನಾಸಿಕ್‌ನಲ್ಲಿ ಅಚ್ಚಾದ ಗಲ್ಫ್ ರೂಪಾಯಿ: ದಿರ್ಹಾಮ್ ಯಾಕೆ ಡಾಲರ್ ಹಿಂದೆಯೇ ಹೋಗುತ್ತೆ?

ಇವತ್ತಿನ ಮಾತು ಊರಿಗೆ ದುಡ್ಡು ಕಳಿಸೋರಿಗೆ. ಅದರಲ್ಲೂ ಮನೆಯಲ್ಲಿ ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ದುಬೈ, ದೋಹಾ, ರಿಯಾದ್ ಕಡೆ ಇದ್ದಾರಲ್ಲ, ಅಂಥವರಿಗೆ. ವಿಷಯ ಇತಿಹಾಸದ್ದು. ಆದರೆ ಶುರು ಮಾಡೋದು ನಮ್ಮ ಮನೆಯ ಒಂದು ನಷ್ಟದಿಂದ.

2013ರ ಆಗಸ್ಟ್. ನಾನು ಆಗ ಡಲ್ಲಾಸ್‌ನಲ್ಲಿದ್ದೆ, ನಮ್ಮ ಭಾವ ಶಾರ್ಜಾದಲ್ಲಿ. ನಮ್ಮದು ಬೀದರ್ ಕಡೆ. ಊರಲ್ಲಿ ಅಕ್ಕ ಒಂದು ಪ್ಲಾಟ್ ನೋಡಿದ್ದಳು, ಅದಕ್ಕಂತ ಭಾವ 40,000 ದಿರ್ಹಾಮ್ ಕೂಡಿಟ್ಟಿದ್ದರು. ಆ ವರ್ಷ ಮೇ ಶುರುವಿನಲ್ಲಿ ಡಾಲರ್‌ಗೆ ಸುಮಾರು 54 ರೂಪಾಯಿ ಇತ್ತು. ಆಗಸ್ಟ್ 28ಕ್ಕೆ 68 ದಾಟಿತು. ನಾನು ಅವತ್ತೇ ಫೋನ್ ಮಾಡಿ, "ಭಾವ, ಇವತ್ತೇ ಕಳಿಸಿಬಿಡ್ರಿ" ಅಂದೆ. ಅವರು ಅಂದಿದ್ದು ಇನ್ನೂ ನೆನಪಿದೆ: "ಏರಿದ್ದು ನಿಮ್ಮ ಡಾಲರ್ ಅದ ತಮ್ಮಾ. ನಮ್ಮ ದಿರ್ಹಾಮ್ ಇನ್ನಾ ಏರಬೇಕು. ನಾಕು ದಿನ ತಡೀತೀನಿ." ಡಾಲರ್ ಮೊದಲು ಏರುತ್ತೆ, ದಿರ್ಹಾಮ್ ಆಮೇಲೆ ನಿಧಾನಕ್ಕೆ ಬರುತ್ತೆ ಅಂತ ರೂಮಿನಲ್ಲಿ ಯಾರೋ ಅವರಿಗೆ ಹೇಳಿದ್ದರಂತೆ.

ಅದು ನಿಜ ಅಲ್ಲ. ದಿರ್ಹಾಮ್ ಅವತ್ತಾಗಲೇ ಏರಿಯಾಗಿತ್ತು. ಮೇ ತಿಂಗಳಲ್ಲಿ 14 ರೂಪಾಯಿ 70 ಪೈಸೆ ಇದ್ದದ್ದು 18 ರೂಪಾಯಿ 50 ಪೈಸೆ ದಾಟಿತ್ತು. ಡಾಲರ್ ಎಷ್ಟು ಪರ್ಸೆಂಟ್ ಏರಿತ್ತೋ ದಿರ್ಹಾಮೂ ಅಷ್ಟೇ ಪರ್ಸೆಂಟ್. ಅಕ್ಟೋಬರ್ ಹೊತ್ತಿಗೆ ಡಾಲರ್ 62ರ ಆಸುಪಾಸಿಗೆ ಇಳಿಯಿತು, ದಿರ್ಹಾಮ್ 16 ರೂಪಾಯಿ 88 ಪೈಸೆ ಆಯಿತು. 7,40,000 ಸಿಗಬೇಕಿದ್ದ ಕಡೆ ಭಾವನಿಗೆ ಸಿಕ್ಕಿದ್ದು 6,75,000. ಕಾದಿದ್ದಕ್ಕೆ ಕಟ್ಟಿದ ದಂಡ 65,000 ರೂಪಾಯಿ. ನಾಳೆ ರೇಟ್ ಏನಾಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಅದು ತಪ್ಪಲ್ಲ. ಬರಲೇ ಬಾರದ ಒಂದು ಏರಿಕೆಗೆ ಕಾದರಲ್ಲ, ತಪ್ಪಾಗಿದ್ದು ಅಲ್ಲಿ.

ಈ ಗುಟ್ಟು ನನಗೆ ಸರಿಯಾಗಿ ಅರ್ಥ ಆಗಿದ್ದು ಮಹಾರಾಷ್ಟ್ರದ ಎರಡು ಊರುಗಳಿಂದ. ಒಂದು, ನಾನು ಇಂಜಿನಿಯರಿಂಗ್ ಓದಿದ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ಇನ್ನೊಂದು, ರೈಲಲ್ಲಿ ಮುಂಬೈಗೆ ಹೋಗುವಾಗ ಸಿಗುವ ನಾಸಿಕ್ ರೋಡ್.

ಮೊದಲು ಔರಂಗಾಬಾದ್. ಬೀದರ್, ಕಲಬುರಗಿ, ರಾಯಚೂರಿನ ಹಾಗೆ ಅದೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ತಾತ ಹತ್ತಿ ವ್ಯಾಪಾರಕ್ಕೆ ಅಲ್ಲಿಗೆ ಹೋಗಿ ಬರ್ತಿದ್ದರು. ಅವರ ಬಾಯಲ್ಲಿ ಎರಡು ರೂಪಾಯಿ ಇದ್ದವು. ಒಂದು 'ಹಾಲಿ', ಅಂದರೆ ನಿಜಾಮರ ಹಾಲಿ ಸಿಕ್ಕಾ. ಇನ್ನೊಂದು 'ಕಲ್ದಾರ್', ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ನಾಸಿಕ್ ಬ್ರಿಟಿಷರ ಬಾಂಬೆ ಪ್ರಾಂತ್ಯ, ಅಲ್ಲಿ ಕಲ್ದಾರ್. ಅಲ್ಲಿ ದುಡಿದು ಔರಂಗಾಬಾದಿನ ಮನೆಗೆ ದುಡ್ಡು ಕಳಿಸಿದರೆ ಬಟವಾಡೆ ಹಾಲಿಯಲ್ಲಿ. ಲೆಕ್ಕ ಆರಕ್ಕೆ ಏಳು: 6 ಕಲ್ದಾರ್‌ಗೆ 7 ಹಾಲಿ. ಹಳೇ ಲೆಕ್ಕದ ಪುಸ್ತಕದಲ್ಲಿ ಇದನ್ನೇ 100 ಕಲ್ದಾರ್‌ಗೆ 116 ರೂಪಾಯಿ 10 ಆಣೆ 8 ಪೈ ಅಂತ ಬರೀತಿದ್ದರು. ಹೈದರಾಬಾದ್ ಸರ್ಕಾರ ಈ ದರವನ್ನು ಕಾಯ್ದುಕೊಂಡು ಬಂದಿತ್ತು.

1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡಿನ ಬೆಲೆ ಇಳಿಸಿತು. ಅದರ ಜೊತೆ ಭಾರತವೂ ರೂಪಾಯಿ ಬೆಲೆ ಇಳಿಸಿತು. ಡಾಲರ್ 3 ರೂಪಾಯಿ 31 ಪೈಸೆಯಿಂದ 4 ರೂಪಾಯಿ 76 ಪೈಸೆಗೆ ಹೋಯಿತು. ಹಾಲಿ ಸಿಕ್ಕಾ ಇನ್ನೂ ಚಲಾವಣೆಯಲ್ಲಿತ್ತು. ಹಾಲಿಯ ಬೆಲೆ ಇಳಿಸ್ತೀವಿ ಅಂತ ಯಾರೂ ಬೇರೆ ಹೇಳಬೇಕಾಗಿರಲಿಲ್ಲ. ಆರಕ್ಕೆ ಏಳು ಅನ್ನೋದು ಕದಲದೆ ನಿಂತಿದ್ದರಿಂದ ಹಾಲಿ ಲೆಕ್ಕದಲ್ಲಿ ಡಾಲರ್ 3.86ರಿಂದ 5.55ಕ್ಕೆ ತಾನಾಗೇ ಏರಿತು. ಎರಡರಲ್ಲೂ ಏರಿಕೆ 44 ಪರ್ಸೆಂಟ್. ಅಂಕಿ ಬೇರೆ, ಚಲನೆ ಒಂದೇ. ಎತ್ತಿನ ಗಾಡಿಗೆ ಕಟ್ಟಿದ ಕರು ಬೇರೆ ದಾರಿ ಹಿಡಿಯೋಕಾಗಲ್ಲ.

ಈಗ ನಾಸಿಕ್. ಅಲ್ಲಿನ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ 1928ರಲ್ಲಿ ನೋಟು ಅಚ್ಚಾಗೋಕೆ ಶುರುವಾಯಿತು. 1959ರಲ್ಲಿ ಅಲ್ಲಿಂದ ಒಂದು ವಿಚಿತ್ರ ನೋಟು ಹೊರಬಂತು. ನೋಡೋಕೆ ನಮ್ಮ ರೂಪಾಯಿಯೇ, ಮೇಲೆ ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾ ಅಂತಲೇ ಇದೆ, ಆದರೆ ಬಣ್ಣ ಬೇರೆ, ನಂಬರಿನ ಮುಂದೆ Z ಅಕ್ಷರ. ಭಾರತದೊಳಗೆ ಅದು ನಡೆಯೋದಿಲ್ಲ. ನಡೆಯೋದು ಕುವೈತ್, ಬಹ್ರೇನ್, ಕತಾರ್, ದುಬೈ, ಅಬುಧಾಬಿ, ಓಮನ್ ಕಡೆ ಮಾತ್ರ. ಜನ ಅದನ್ನು ಗಲ್ಫ್ ರೂಪಾಯಿ ಅಂದರು.

ಅದಕ್ಕೂ ಮುಂಚೆ ಆ ಕಡೆಯೆಲ್ಲ ನಮ್ಮ ಮಾಮೂಲಿ ರೂಪಾಯಿಯೇ ಓಡಾಡ್ತಿತ್ತು. ಇಲ್ಲಿಂದ ಕಳ್ಳಸಾಗಣೆಯಲ್ಲಿ ನೋಟು ಹೋಗೋದು, ಅಲ್ಲಿಂದ ಚಿನ್ನ ಬರೋದು. ಅಲ್ಲಿ ಸೇರಿದ ನೋಟುಗಳು ರಿಸರ್ವ್ ಬ್ಯಾಂಕಿಗೆ ವಾಪಸ್ ಬಂದು ಬದಲಿಗೆ ಪೌಂಡ್ ಕೇಳೋದು. ನಮ್ಮ ವಿದೇಶಿ ವಿನಿಮಯ ಹೀಗೆ ಸೋರಿ ಹೋಗ್ತಿತ್ತು. ಅದನ್ನು ತಡೆಯೋಕೆ ಹೊರಗಿನವರಿಗೇ ಬೇರೆ ನೋಟು ಮಾಡಿದರು. ಆದರೆ ಬೆಲೆ ಮಾತ್ರ ಒಂದಕ್ಕೆ ಒಂದು: ಒಂದು ಗಲ್ಫ್ ರೂಪಾಯಿ ಅಂದರೆ ಒಂದು ಭಾರತದ ರೂಪಾಯಿ.

1966ರ ಜೂನ್ 6. ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಬೆಲೆ ಇಳಿಸಿತು. ಡಾಲರ್ 4.76ರಿಂದ 7.50ಕ್ಕೆ ಹೋಯಿತು. ದುಬೈಯ ಒಬ್ಬ ಅಂಗಡಿಯವನ ಪೆಟ್ಟಿಗೆಯಲ್ಲಿ 100 ಗಲ್ಫ್ ರೂಪಾಯಿ ಇತ್ತು ಅಂದುಕೊಳ್ಳಿ. ಹಿಂದಿನ ದಿನ ಅದು 21 ಡಾಲರ್, ಮಾರನೇ ದಿನ 13 ಡಾಲರ್ ಚಿಲ್ಲರೆ. ದುಬೈಯಲ್ಲಿ ಏನೂ ಆಗಿರಲಿಲ್ಲ. ತೀರ್ಮಾನ ಆಗಿದ್ದು ದಿಲ್ಲಿಯಲ್ಲಿ, ನೋಟು ಅಚ್ಚಾಗಿದ್ದು ನಾಸಿಕ್‌ನಲ್ಲಿ, ಕಳಕೊಂಡವನು ಕ್ರೀಕ್ ದಂಡೆಯಲ್ಲಿ.

ಪಕ್ಕದ ಬಹ್ರೇನ್ ನೋಡಿ. ಅವರು 1965ರ ಅಕ್ಟೋಬರ್‌ನಲ್ಲೇ ರೂಪಾಯಿ ಬಿಟ್ಟು ದಿನಾರ್ ಮಾಡಿಕೊಂಡಿದ್ದರು. 1 ದಿನಾರ್‌ಗೆ 10 ರೂಪಾಯಿ. ದಿನಾರ್ ರೂಪಾಯಿಗೆ ಕಟ್ಟಿಕೊಂಡಿರಲಿಲ್ಲ. ಹಾಗಾಗಿ ಜೂನ್ 6ರ ನಂತರ ಅದೇ ದಿನಾರ್ 15 ರೂಪಾಯಿ 75 ಪೈಸೆ ಆಯಿತು. ಅದೇ ಸಮುದ್ರ, ಅದೇ ವ್ಯಾಪಾರ. ಯಾವ ದೋಣಿಗೆ ಹಗ್ಗ ಕಟ್ಟಿದ್ದೀರಿ ಅನ್ನೋದಷ್ಟೇ ವ್ಯತ್ಯಾಸ. ಪೆಟ್ಟು ತಿಂದ ಮೇಲೆ ದುಬೈ, ಕತಾರ್ ಕೂಡ ಗಲ್ಫ್ ರೂಪಾಯಿ ಬಿಟ್ಟು ಅದೇ ವರ್ಷ ತಮ್ಮದೇ ರಿಯಾಲ್ ತಂದವು. ಓಮನ್ 1970ರವರೆಗೆ ಎಳೆಯಿತು. ಯುಎಇ ದಿರ್ಹಾಮ್ ಹುಟ್ಟಿದ್ದು 1973ರಲ್ಲಿ.

ಹಗ್ಗ ಬಿಚ್ಚಿದವರು ಮುಂದೆ ಇನ್ನೊಂದು ದೋಣಿಗೆ ಕಟ್ಟಿದರು. ಎಣ್ಣೆ ಮಾರೋದು ಡಾಲರ್‌ನಲ್ಲಿ, ಹಾಗಾಗಿ ಡಾಲರ್‌ಗೇ ಕಟ್ಟಿದರು. ಸೌದಿ ರಿಯಾಲ್ 1986ರಿಂದ ಡಾಲರ್‌ಗೆ 3.75. ದಿರ್ಹಾಮ್ 1997ರಿಂದ 3.6725. ಕತಾರ್ ರಿಯಾಲ್ 3.64.

ಈ ಹಗ್ಗ ಬರೀ ಘೋಷಣೆ ಅಲ್ಲ. ಯುಎಇ ಸೆಂಟ್ರಲ್ ಬ್ಯಾಂಕ್ ಅಲ್ಲಿನ ಬ್ಯಾಂಕುಗಳಿಗೆ ಆ ದರದಲ್ಲೇ ಡಾಲರ್ ಕೊಡುತ್ತೆ, ಆ ದರದಲ್ಲೇ ತಗೊಳ್ಳುತ್ತೆ. ಈಗ ಡಾಲರ್ 83 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. 83ನ್ನು 3.6725ರಿಂದ ಭಾಗಿಸಿದರೆ 22 ರೂಪಾಯಿ 60 ಪೈಸೆ. ದಿರ್ಹಾಮ್ ಎಲ್ಲೋ 22ಕ್ಕೇ ಸಿಗ್ತಿದೆ, ಭಾವ ಅಂದ ಹಾಗೆ ಇನ್ನೂ ಏರಿಲ್ಲ ಅಂದರೆ ಏನಾಗುತ್ತೆ? ದೊಡ್ಡ ಬ್ಯಾಂಕೊಂದು 22ರ ಹಾಗೆ ದಿರ್ಹಾಮ್ ಕೊಳ್ಳುತ್ತೆ, 3.6725 ದಿರ್ಹಾಮ್‌ಗೆ 80 ರೂಪಾಯಿ 80 ಪೈಸೆ ಖರ್ಚು. ಅದನ್ನು ಒಂದು ಡಾಲರ್ ಮಾಡಿ 83ಕ್ಕೆ ಮಾರುತ್ತೆ. ಕೂತಲ್ಲೇ 2 ರೂಪಾಯಿ 20 ಪೈಸೆ ಲಾಭ. ಕೋಟಿಗಟ್ಟಲೆ ಡಾಲರ್ ಇಟ್ಟುಕೊಂಡವರು ಇದನ್ನು ಬಿಡ್ತಾರಾ? ಎಲ್ಲರೂ ದಿರ್ಹಾಮ್ ಕೊಳ್ಳೋಕೆ ನುಗ್ತಾರೆ, ಬೆಲೆ ಕ್ಷಣದಲ್ಲಿ 22.60ಕ್ಕೆ ಬಂದು ನಿಲ್ಲುತ್ತೆ. ನಿಜ ಹೇಳಬೇಕಂದರೆ ಅಷ್ಟು ದೂರವೂ ಹೋಗಲ್ಲ, ದಿರ್ಹಾಮ್ ದರವನ್ನು ಬ್ಯಾಂಕಿನವರು ಡಾಲರ್ ದರ ಭಾಗಿಸಿಯೇ ಬರೀತಾರೆ.

ಇದರಿಂದ ನಮಗೆ ಕೈಗೆ ಸಿಗೋ ಪ್ರಯೋಜನ ಒಂದಿದೆ. ಅವತ್ತಿನ ಡಾಲರ್ ದರ ನೋಡಿ, 3.6725ರಿಂದ ಭಾಗಿಸಿ. ಅದು ನಿಜವಾದ ದರ. ಎಕ್ಸ್‌ಚೇಂಜ್ ಅಂಗಡಿ 22.30 ಕೊಡ್ತಿದ್ದರೆ ಆ 30 ಪೈಸೆ ಮಾರ್ಕೆಟ್ ಅಲ್ಲ, ಅವರ ಪಾಲು. 5,000 ದಿರ್ಹಾಮ್ ಕಳಿಸಿದರೆ 1,500 ರೂಪಾಯಿ ಅಲ್ಲೇ ಹೋಯಿತು. 'ಫೀ ಇಲ್ಲ' ಅನ್ನೋ ಬೋರ್ಡಿನ ಅಂಗಡಿಯಲ್ಲೂ ಮೊದಲು ಈ ಭಾಗಾಕಾರ ಮಾಡಿ. ವಾರದ ಕೊನೆಯಲ್ಲಿ ಮುಂಬೈ ಮಾರ್ಕೆಟ್ ಮುಚ್ಚಿರುವಾಗ ಅವರು ಸ್ವಲ್ಪ ಜಾಸ್ತಿಯೇ ಹಿಡಿದುಕೊಳ್ಳಬಹುದು.

ಕುವೈತ್‌ನಲ್ಲಿರೋರು ಮಾತ್ರ ಈ ಲೆಕ್ಕ ಹಾಕಬೇಡಿ. ಅವರು 2003ರಲ್ಲಿ ಡಾಲರ್‌ಗೆ ಕಟ್ಟಿದ್ದರು, 2007ರ ಮೇ ತಿಂಗಳಲ್ಲಿ ಬಿಚ್ಚಿ ಹಲವು ಕರೆನ್ಸಿಗಳ ಬುಟ್ಟಿಗೆ ಕಟ್ಟಿಕೊಂಡರು. ಅವರ ದಿನಾರ್ ಡಾಲರ್ ಹತ್ತಿರವೇ ಇರುತ್ತೆ, ಆದರೆ ಪಡಿಯಚ್ಚು ಅಲ್ಲ. ಹಗ್ಗ ಕಟ್ಟಿದವರು ಬಿಚ್ಚಲೂಬಹುದು ಅನ್ನೋದಕ್ಕೂ ಅದೇ ಸಾಕ್ಷಿ.

ಇನ್ನೊಂದು ನನ್ನದೇ ತಪ್ಪು. ಒಂದು ಕಾಲಕ್ಕೆ ನಾನೂ ಭಾವನೂ ಸೇರಿ, ಅರ್ಧ ಉಳಿತಾಯ ಡಾಲರ್‌ನಲ್ಲಿ, ಅರ್ಧ ದಿರ್ಹಾಮ್‌ನಲ್ಲಿ ಇದ್ದರೆ ಒಂದು ಬಿದ್ದರೆ ಇನ್ನೊಂದು ಕಾಯುತ್ತೆ ಅಂದುಕೊಂಡಿದ್ದೆವು. ರೂಪಾಯಿ ಲೆಕ್ಕದಲ್ಲಿ ಅವೆರಡೂ ಒಂದೇ ದುಡ್ಡು. ಎರಡು ಜೇಬು, ಅಂಗಿ ಒಂದೇ.

ಈಗ ಭಾವ ದುಡ್ಡು ಕಳಿಸೋ ದಿನ ನನಗೆ ಫೋನ್ ಮಾಡ್ತಾರೆ. ದಿರ್ಹಾಮ್ ಎಷ್ಟಾಯ್ತು ಅಂತ ಕೇಳಲ್ಲ. "ತಮ್ಮಾ, ಡಾಲರ್ ಎಷ್ಟದ?" ಅಂತಾರೆ. ಭಾಗಾಕಾರ ಅವರೇ ಮಾಡಿಕೊಳ್ತಾರೆ.