ಪ್ರಚಾರಾಂದೋಲನದ ನಂತರದ ಮೌಲ್ಯಮಾಪನ: ‘ಬೇಟಿ ಬಚಾವೋ, ಬೇಟಿ ಪಢಾವೋ’ ಯೋಜನೆ

ಹಿನ್ನೆಲೆ

ದೇಶದಲ್ಲಿ 6 ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆಯು 2001ರಲ್ಲಿ 927 ಇದ್ದು, 2011ರ ಜನಗಣತಿಯಲ್ಲಿ 918ಕ್ಕೆ ಇಳಿಯಿತು. ಈ ಕುಸಿತವನ್ನು ತಡೆಯಲು ಕೇಂದ್ರ ಸರ್ಕಾರವು 22 ಜನವರಿ 2015ರಂದು ಪಾಣಿಪತ್‌ನಲ್ಲಿ ಸದರಿ ಯೋಜನೆಯನ್ನು ಪ್ರಾರಂಭಿಸಿತು. ಮೊದಲ ಹಂತದ 100 ಜಿಲ್ಲೆಗಳಲ್ಲಿ ಕರ್ನಾಟಕದ ವಿಜಯಪುರವೂ ಸೇರಿತ್ತು. ಲಿಂಗಪತ್ತೆ ಮತ್ತು ಹೆಣ್ಣುಭ್ರೂಣ ಹತ್ಯೆಯನ್ನು ತಡೆಯುವುದು, ಹೆಣ್ಣುಮಗುವಿನ ಉಳಿವು, ರಕ್ಷಣೆ ಹಾಗೂ ಶಿಕ್ಷಣವನ್ನು ಖಚಿತಪಡಿಸುವುದು ಇದರ ಮೂಲ ಉದ್ದೇಶಗಳಾಗಿದ್ದವು. ಪ್ರಚಾರದ ಫಲಿತಾಂಶವನ್ನು ಈ ಉದ್ದೇಶಗಳೊಂದಿಗೇ ಹೋಲಿಸತಕ್ಕದ್ದು.

1. ತಲುಪುವಿಕೆ

ಜಾಹೀರಾತನ್ನು ಎಷ್ಟು ಜನ ನೋಡಿದರು ಎಂಬುದಕ್ಕಿಂತ, ಉದ್ದೇಶಿತ ಕುಟುಂಬಗಳಲ್ಲಿ ಎಷ್ಟಕ್ಕೆ ತಲುಪಿತು ಎಂಬುದು ಮುಖ್ಯ. ಹಂಚಿದ ಕರಪತ್ರಗಳ ಸಂಖ್ಯೆಯು ತಲುಪುವಿಕೆಯ ಪುರಾವೆಯಾಗುವುದಿಲ್ಲ.

2. ಸಂದೇಶದ ಹೊಂದಾಣಿಕೆ

ಯೋಜನೆಯ ಹೆಸರು ಮನೆಮಾತಾಯಿತು. ಆದರೆ ಅದರ ಅರ್ಥವನ್ನು ಎಲ್ಲರೂ ಸರಿಯಾಗಿ ಗ್ರಹಿಸಲಿಲ್ಲ. ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಈ ಯೋಜನೆಯಡಿ 2 ಲಕ್ಷ ರೂಪಾಯಿ ದೊರೆಯುವುದೆಂದು ನಂಬಿಸಿ ನಕಲಿ ಅರ್ಜಿ ನಮೂನೆಗಳನ್ನು ಹಂಚಲಾಯಿತು. ಯೋಜನೆಯಲ್ಲಿ ವೈಯಕ್ತಿಕ ನಗದು ನೆರವಿಗೆ ಅವಕಾಶವಿಲ್ಲವೆಂದು ಕೇಂದ್ರ ಸಚಿವಾಲಯವು 2017ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಹೆಸರು ತಿಳಿದು ಉದ್ದೇಶ ತಿಳಿಯದಿದ್ದಲ್ಲಿ ಇಂತಹ ವಂಚನೆಗೆ ಆಸ್ಪದವಾಗುತ್ತದೆ.

3. ವೆಚ್ಚ

ಮಹಿಳಾ ಸಬಲೀಕರಣ ಕುರಿತ ಸಂಸದೀಯ ಸಮಿತಿಯು 2021ರ ಡಿಸೆಂಬರ್‌ನಲ್ಲಿ ವರದಿ ಸಲ್ಲಿಸಿತು. 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಗಳಲ್ಲಿ ಶೇ. 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಖರ್ಚಾಗಿರುವುದನ್ನು ಅದು ಗುರುತಿಸಿ, ಶಿಕ್ಷಣ ಮತ್ತು ಆರೋಗ್ಯದ ಕಡೆಗೆ ವೆಚ್ಚವನ್ನು ತಿರುಗಿಸಲು ಸೂಚಿಸಿತು. ತರುವಾಯ 2022ರ ಮಿಷನ್ ಶಕ್ತಿ ಮಾರ್ಗಸೂಚಿಯು ತಳಮಟ್ಟದ ಚಟುವಟಿಕೆಗಳಿಗೆ ಆದ್ಯತೆ ನೀಡಿತು.

ಲೆಕ್ಕ ಹಾಕುವ ವಿಧಾನ (ಕಲ್ಪಿತ ಅಂಕಿಗಳು)

ಮುನವಳ್ಳಿಯಲ್ಲಿ 400 ಕುಟುಂಬಗಳನ್ನು ಉದ್ದೇಶಿಸಿ 20,000 ರೂಪಾಯಿ ವೆಚ್ಚ ಮಾಡಲಾಗಿದೆ ಎಂದು ಭಾವಿಸಿ. ಪ್ರಚಾರದ ನಂತರ ಎಲ್ಲ ಕುಟುಂಬಗಳಿಗೆ “ಯೋಜನೆಯ ಹೆಸರು ಕೇಳಿದ್ದೀರಾ?”, “ಅದರಿಂದ ಏನು ದೊರೆಯುತ್ತದೆ?” ಎಂಬ ಎರಡು ಪ್ರಶ್ನೆಗಳನ್ನು ಕೇಳಲಾಗುತ್ತದೆ. 320 ಕುಟುಂಬಗಳು ಹೆಸರು ಕೇಳಿದ್ದು, 80 ಕುಟುಂಬಗಳು ಮಾತ್ರ ಸರಿಯುತ್ತರ ನೀಡಿದಲ್ಲಿ, ತಲುಪಿದ ಪ್ರತಿ ಕುಟುಂಬಕ್ಕೆ 62.50 ರೂಪಾಯಿ, ಅರ್ಥ ಮಾಡಿಕೊಂಡ ಪ್ರತಿ ಕುಟುಂಬಕ್ಕೆ 250 ರೂಪಾಯಿ ತಗಲಿದಂತಾಯಿತು. ಎರಡರ ನಡುವಿನ ಅಂತರವು ನಾಲ್ಕು ಪಟ್ಟು ಇದ್ದು, ಇದು ಸಂದೇಶದಲ್ಲಿನ ದೋಷವನ್ನು ಸೂಚಿಸುತ್ತದೆ. ಅದೇ ಸಂದೇಶದ ಫಲಕಗಳನ್ನು ಹೆಚ್ಚಿಸುವುದರಿಂದ ಈ ದೋಷ ನಿವಾರಣೆಯಾಗದು.

ಮಿತಿ

ಲಿಂಗಾನುಪಾತದ ಏರಿಳಿತಕ್ಕೆ ಕಾನೂನು ಜಾರಿ, ಆರೋಗ್ಯ ಸೇವೆ ಮುಂತಾದ ಕಾರಣಗಳೂ ಇರುವುದರಿಂದ, ಅದನ್ನು ಪ್ರಚಾರವೊಂದರ ಫಲವೆಂದು ಪರಿಗಣಿಸತಕ್ಕದ್ದಲ್ಲ.

ಸಾರ್ವಜನಿಕರ ಗಮನಕ್ಕೆ

ಈ ಯೋಜನೆಯ ಹೆಸರಿನಲ್ಲಿ ನಗದು ನೆರವಿಗಾಗಿ ಯಾರಾದರೂ ಅರ್ಜಿ ನಮೂನೆ ಮಾರಿದಲ್ಲಿ ಹಣವನ್ನಾಗಲಿ, ಬ್ಯಾಂಕ್ ಖಾತೆಯ ವಿವರಗಳನ್ನಾಗಲಿ ನೀಡಬಾರದು. ಅಂಚೆ ಕಚೇರಿಯಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಖಾತೆಯು ಪೋಷಕರ ಸ್ವಂತ ಉಳಿತಾಯವೇ ಹೊರತು ಸಹಾಯಧನವಲ್ಲ. ಹೆಚ್ಚಿನ ಮಾಹಿತಿಗಾಗಿ ಅಂಗನವಾಡಿ ಕಾರ್ಯಕರ್ತೆಯರನ್ನು ಅಥವಾ ಸವದತ್ತಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.