ಲೀಡ್

‘ಇವತ್ತು ಎಷ್ಟು ಲೀಡ್ ಬಂತು?’ ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾರುವವರ ಕಚೇರಿಗಳಲ್ಲಿ ದಿನವೂ ಕೇಳುವ ಮಾತಿದು. ದಾರಿ ತೋರು, ಕರೆದೊಯ್ಯು ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದ ಪದ. ಮಾರಾಟದವರಿಗೆ ಮಾತ್ರ ಅದು ವಿಚಾರಿಸಿದವರ ಹೆಸರು, ಫೋನ್ ನಂಬರ್.

ಒಂದು ಲೀಡ್‌ಗೆ ಬಿದ್ದ ಖರ್ಚನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಫೇಸ್‌ಬುಕ್ ಜಾಹೀರಾತಿನ ಫಾರ್ಮ್‌ನಲ್ಲಿ ಹೆಸರು, ನಂಬರ್ ಬಹುಮಟ್ಟಿಗೆ ತಾವಾಗಿಯೇ ತುಂಬಿಕೊಳ್ಳುತ್ತವೆ. ಬೆರಳು ತಾಕಿದರೂ ಲೀಡ್ ಆಯಿತು. ಫೋನ್ ಮಾಡಿದರೆ ‘ನಾನು ಕೇಳಿಯೇ ಇಲ್ಲವಲ್ಲ’ ಎನ್ನುತ್ತಾರೆ. ಅಲ್ಲಿ ಒಂದು ಲಕ್ಷ ರೂಪಾಯಿಗೆ 250 ಲೀಡ್ ಬಂದು 5 ಜನ ಸೈಟ್ ನೋಡಿದರು, ಗೂಗಲ್ ಹುಡುಕಾಟದ ಜಾಹೀರಾತಿನಿಂದ ಅಷ್ಟೇ ಹಣಕ್ಕೆ 50 ಲೀಡ್ ಬಂದು 10 ಜನ ನೋಡಿದರು ಎಂದಿಟ್ಟುಕೊಳ್ಳಿ. ಲೀಡ್‌ಗೆ ಬಿದ್ದದ್ದು 400 ಮತ್ತು 2,000 ರೂಪಾಯಿ. ಸೈಟ್ ವಿಸಿಟ್‌ಗೆ? 20,000 ಮತ್ತು 10,000.

ಮನೆ ಕೊಳ್ಳುವವರು ಸಾಲ, ಹಳೆ ಮನೆಯ ಮಾರಾಟ, ಮನೆಯವರ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅವರನ್ನು ‘ಕೋಲ್ಡ್’ ಎಂದು ಕೈಬಿಡುವುದು ಅವಸರ. ದಿನಾ ಫೋನ್ ಮಾಡಿ ಪೀಡಿಸುವುದೂ ಬೇಡ. ರೇರಾ ನೋಂದಣಿ, ಬ್ಯಾಂಕಿನ ಅನುಮೋದನೆ, ಕಟ್ಟಡ ಎಷ್ಟನೇ ಮಹಡಿಗೆ ಬಂತು ಎಂಬ ಸುದ್ದಿ ಆಗಾಗ ಕಳಿಸಿದರೆ ಸಾಕು. ಬುಕಿಂಗ್ ಆದಾಗ ಅದನ್ನು ವಿಚಾರಣೆ ಬಂದ ತಿಂಗಳ ಖಾತೆಗೇ ಬರೆದುಕೊಳ್ಳಿ; ಆ ತಿಂಗಳ ಜಾಹೀರಾತಿನ ಫಲ ಗೊತ್ತಾಗುವುದು ಆಗಲೇ.