ಎಲೆ ಮೇಲಿನ ಬೆಳ್ಳಿ ಗೆರೆ ಹಾವಿನ ಗುರುತೇ? ಫೋಟೊ ನೋಡಿಯೇ ಪತ್ತೆ ಹಚ್ಚುವುದು ಹೇಗೆ?

ಹುರುಳಿಕಾಯಿ, ಟೊಮೇಟೊ ಅಥವಾ ನಿಂಬೆ ಎಲೆಯ ಮೇಲೆ ಹಾವು ಹರಿದಂತೆ ಬೆಳ್ಳಗೆ ಹೊಳೆಯುವ ಅಂಕುಡೊಂಕು ಗೆರೆ. ಇಂಥ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಹಾವಿನ ವಿಷವೇ, ದೇವರ ಬರಹವೇ, ಈ ಗಿಡದ ಕಾಯಿ ತಿನ್ನಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರ ಆ ಗೆರೆಯಲ್ಲೇ ಇದೆ.

ಗೆರೆ ಬರೆದವರು ಯಾರು?

ಇದು ಎಲೆ ಸುರಂಗ ಹುಳುವಿನ ಕೆಲಸ. ನಮ್ಮ ರೈತರು ಇದನ್ನು ರಂಗೋಲಿ ಹುಳು ಎಂದೂ ಕರೆಯುತ್ತಾರೆ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂಥ ಊರಿನಲ್ಲಿ ಹುರುಳಿಕಾಯಿ ಅಥವಾ ಟೊಮೇಟೊ ಹಾಕಿದವರು ಕೆಳಗಿನ ಎಲೆಗಳನ್ನು ತಿರುವಿ ನೋಡಿದರೆ ಇದು ಸಿಗುವುದು ಅಪರೂಪವಲ್ಲ.

ಹುರುಳಿಕಾಯಿ ಮತ್ತು ಟೊಮೇಟೊದಲ್ಲಿ ಇದರ ತಾಯಿ ಸುಮಾರು 2 ಮಿಲಿಮೀಟರ್ ಉದ್ದದ, ಹಳದಿ-ಕಪ್ಪು ಬಣ್ಣದ ಪುಟ್ಟ ನೊಣ. ಅಮೆರಿಕ ಮೂಲದ ಈ ನೊಣ 1990ರ ದಶಕದ ಆರಂಭದಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಅದು ಎಲೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಹೊರಗೆ ಬರುವುದಿಲ್ಲ. ಎಲೆಯ ಮೇಲಿನ ಸಿಪ್ಪೆ ಮತ್ತು ಕೆಳಗಿನ ಸಿಪ್ಪೆಯ ನಡುವಿನ ಹಸಿರು ತಿರುಳನ್ನು ತಿನ್ನುತ್ತಾ ಮುಂದೆ ಸಾಗುತ್ತದೆ. ತಿರುಳು ಹೋದ ಜಾಗದಲ್ಲಿ ಗಾಳಿ ತುಂಬುತ್ತದೆ. ತೆಳು ಸಿಪ್ಪೆಯ ಕೆಳಗಿನ ಆ ಗಾಳಿಯಿಂದ ಬೆಳಕು ಮರಳಿ ಚೆಲ್ಲುವುದರಿಂದಲೇ ಗೆರೆ ಬೆಳ್ಳಗೆ ಕಾಣುತ್ತದೆ. ಅದು ವಿಷವೂ ಅಲ್ಲ, ಲೋಳೆಯೂ ಅಲ್ಲ.

ಒಂದು ಗೆರೆಯನ್ನು ಓದೋಣ

ಹುರುಳಿ ಎಲೆಯ ಫೋಟೊ ಒಂದನ್ನು ದೊಡ್ಡದು ಮಾಡಿ ನೋಡಿ. ಗೆರೆಯ ಒಂದು ತುದಿ ದಾರದ ಎಳೆಯಷ್ಟು ಸಣ್ಣ, ಇನ್ನೊಂದು ತುದಿ ಅಗಲ. ಸಣ್ಣ ತುದಿಯಲ್ಲಿ ಮೊಟ್ಟೆ ಒಡೆದಿದೆ. ಮರಿ ಬೆಳೆದಂತೆಲ್ಲ ದಾರಿಯೂ ಅಗಲವಾಗಿದೆ. ಒಳಗೆ ಕಾಣುವ ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಫೋಟೊದಲ್ಲಿ 'ಹಾವಿನ ತಲೆ' ಎಂದು ಬಾಣ ಹಾಕಿ ತೋರಿಸುವುದು ಸಾಮಾನ್ಯವಾಗಿ ಈ ಅಗಲದ ತುದಿಯನ್ನೇ. ಅಲ್ಲಿ ಹಳದಿ ಬಣ್ಣದ ಮರಿ ಕಂಡರೆ ಸುರಂಗದಲ್ಲಿ ಇನ್ನೂ ಹುಳು ಇದೆ ಎಂದರ್ಥ. ಸಣ್ಣ ಸೀಳು ಮಾತ್ರ ಇದ್ದರೆ ಅದು ಎಲೆ ಕೊಯ್ದುಕೊಂಡು ಮಣ್ಣಿಗೆ ಬಿದ್ದು ಕೋಶವಾಗಿದೆ. ನಮ್ಮ ಬಿಸಿಲಿನಲ್ಲಿ ಇಷ್ಟೂ ಗೆರೆ ಸುಮಾರು ಒಂದು ವಾರದೊಳಗಿನ ಊಟ. ಪೂರ್ತಿ ಬೆಳೆದ ಮರಿಯ ಉದ್ದ ಸುಮಾರು 3 ಮಿಲಿಮೀಟರ್.

ಎಲೆ ಕೈಯಲ್ಲೇ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಬಸವನಹುಳು ಹರಿದ ಲೋಳೆಯಾದರೆ ಅಳಿಸಿಹೋಗುತ್ತದೆ. ಸುರಂಗವಾದರೆ ಹೋಗುವುದಿಲ್ಲ, ಏಕೆಂದರೆ ಅದು ಎಲೆಯ ಒಳಗಿದೆ. ಬೆಳಕಿಗೆ ಹಿಡಿದರೆ ಗೆರೆಯ ಜಾಗ ಪಾರದರ್ಶಕವಾಗಿ ಕಾಣುತ್ತದೆ.

ನಿಂಬೆ, ಟೊಮೇಟೊದಲ್ಲಿ ಸ್ವಲ್ಪ ಬೇರೆ

ನಿಂಬೆ ಜಾತಿಯ ಗಿಡದಲ್ಲಿ ಗೆರೆ ಕೊರೆಯುವುದು ನೊಣದ ಮರಿಯಲ್ಲ, ಪುಟ್ಟ ಪತಂಗದ ಮರಿ. ಅದಕ್ಕೆ ಎಳೆ ಚಿಗುರೇ ಬೇಕು. ಹೊಳಪು ಇದರಲ್ಲೇ ಹೆಚ್ಚು. ಸುರಂಗದ ನಡುವೆ ಹಿಕ್ಕೆಯ ಒಂದೇ ಗೆರೆ ಇರುತ್ತದೆ, ಎಲೆ ಮುದುರುತ್ತದೆ. ದೊಡ್ಡ ಮರ ಇದನ್ನು ತಡೆದುಕೊಳ್ಳುತ್ತದೆ. ಸಸಿಗಳಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಈ ಗಾಯದ ಮೂಲಕ ಕಜ್ಜಿ ರೋಗ ಸುಲಭವಾಗಿ ಸೇರುತ್ತದೆ.

ಟೊಮೇಟೊದಲ್ಲಿ ಗೆರೆಯ ಬದಲು ಅಗಲವಾದ ಒಣಗಿದ ಮಚ್ಚೆಗಳಿದ್ದು, ಕಾಯಿಯಲ್ಲೂ ಸೂಜಿ ಚುಚ್ಚಿದಂಥ ತೂತು ಇದ್ದರೆ ಅದು ರಂಗೋಲಿ ಹುಳುವಲ್ಲ. 2014ರಲ್ಲಿ ಭಾರತದಲ್ಲಿ ಪತ್ತೆಯಾದ ಟೂಟಾ ಎಂಬ ಬೇರೆ ಕೀಟ ಇರಬಹುದು. ಅದಕ್ಕೆ ಕೃಷಿ ಅಧಿಕಾರಿಗಳ ಸಲಹೆ ಪಡೆಯಿರಿ.

ಕಾಯಿ ತಿನ್ನಬಹುದೇ?

ತಿನ್ನಬಹುದು. ಹುರುಳಿಕಾಯಿ, ಟೊಮೇಟೊ ಎಲೆಯ ರಂಗೋಲಿ ಹುಳು ಕಾಯಿಯೊಳಗೆ ಹೋಗುವುದಿಲ್ಲ, ವಿಷವನ್ನೂ ಬಿಡುವುದಿಲ್ಲ. ಇಂಥ ಫಾರ್ವರ್ಡ್ ನಂಬಿ ಕಾಯಿ ಚೆಲ್ಲಿದರೆ ನಷ್ಟ ಬೆಳೆದವರಿಗೇ.

ಹೆದರಿ ಪದೇ ಪದೇ ಕೀಟನಾಶಕ ಹೊಡೆಯುವುದು ಅದಕ್ಕಿಂತ ದೊಡ್ಡ ನಷ್ಟ. ಈ ಮರಿಗಳನ್ನು ಹುಡುಕಿ ಅವುಗಳ ಮೇಲೆ ಅಥವಾ ಒಳಗೆ ಮೊಟ್ಟೆಯಿಟ್ಟು ಕೊಲ್ಲುವ ಸಣ್ಣ ಕಣಜಗಳು ಹೊಲದಲ್ಲೇ ಇರುತ್ತವೆ. ಎಲೆಯ ಮೇಲೆ ಸಿಂಪಡಿಸಿದ ಔಷಧಿಯಿಂದ ಅವು ಸಾಯುತ್ತವೆ. ಸಿಪ್ಪೆಯ ಕೆಳಗಿನ ಹುಳು ಎಷ್ಟೋ ಬಾರಿ ಉಳಿದುಕೊಳ್ಳುತ್ತದೆ. ಹೀಗಾಗಿ ಕೆಲವು ವಾರಗಳಲ್ಲಿ ಗೆರೆಗಳು ಮೊದಲಿಗಿಂತ ಹೆಚ್ಚಾಗುವುದುಂಟು.

ಎಳೆಯ ಬೆಳೆಯಲ್ಲಿ ಗೆರೆ ಕಂಡರೆ ಅಂಥ ಎಲೆ ಕಿತ್ತು ಹೊಲದಿಂದಾಚೆ ಹೂತುಬಿಡಿ. ಹೆಚ್ಚಾದರೆ 1 ಲೀಟರ್ ನೀರಿಗೆ 40 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ ಹಾಕಿ, ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಸಿಂಪಡಿಸಬಹುದು. ಕೊಯ್ಲು ಮುಗಿಯುತ್ತಾ ಬಂದ ಗಿಡದ ಹಳೆ ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಗೆರೆ ಇದ್ದರೆ ಏನೂ ಮಾಡಬೇಕಿಲ್ಲ.

ಒಂದೇ ಮಾತಿನಲ್ಲಿ: ಎಲೆ ಮೇಲಿನ ಬೆಳ್ಳಿ ಗೆರೆ ಹಾವಿನ ಗುರುತಲ್ಲ, ಎಲೆಯೊಳಗೆ ಪುಟ್ಟ ಹುಳು ತಿಂದ ದಾರಿ. ಫಾರ್ವರ್ಡ್ ಮಾಡುವ ಮೊದಲು ಫೋಟೊ ದೊಡ್ಡದು ಮಾಡಿ, ಸಣ್ಣ ತುದಿ, ಅಗಲ ತುದಿ, ಹಿಕ್ಕೆ ಮೂರನ್ನೂ ಹುಡುಕಿ.